ಯಕ್ಷಗಾನದ ವೀಡಿಯೊ ನಡುವೆ ಹೆಚ್ಚು ಜಾಹೀರಾತು ಹಾಕಿದರೆ ಹೆಚ್ಚು ಹಣ ಬರುತ್ತದೆಯೇ?

"ಯೂಟ್ಯೂಬ್ ವೀಡಿಯೊ ಮಧ್ಯೆ ಎಷ್ಟು ಜಾಹೀರಾತು ಹಾಕುತ್ತೀರೋ ಅಷ್ಟು ಪಟ್ಟು ದುಡ್ಡು" ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಪಡುಬಿದ್ರಿ, ಕಾಪು, ಕಾರ್ಕಳದ ಕಡೆ ಗಂಟೆಗಟ್ಟಲೆ ಉದ್ದದ ಯಕ್ಷಗಾನ, ತಾಳಮದ್ದಳೆ ವೀಡಿಯೊ ನೋಡುವವರು ಇದರ ಫಲವನ್ನೂ ಉಂಡಿದ್ದಾರೆ. ಭಾಗವತರು ಪದ ಎತ್ತಿ ಇನ್ನೇನು ರಂಗೇರಬೇಕು, ಅಷ್ಟರಲ್ಲಿ ಸಾಬೂನಿನ ಜಾಹೀರಾತು! ಇದರಿಂದ ಚಾನೆಲ್‌ನವರಿಗೆ ನಿಜಕ್ಕೂ ಲಾಭವಿದೆಯೇ? ಲೆಕ್ಕ ಹಾಕಿ ನೋಡೋಣ.

ಮೊದಲು ನಿಯಮ. ಕನಿಷ್ಠ 8 ನಿಮಿಷದ ವೀಡಿಯೊಗಳಿಗೆ ಮಾತ್ರ ನಡುವಿನ ಜಾಹೀರಾತು ಇಡಬಹುದು. 2020ರವರೆಗೆ ಈ ಮಿತಿ 10 ನಿಮಿಷ ಇತ್ತು. ಉದ್ದದ ವೀಡಿಯೊಗಳ ಜಾಹೀರಾತು ಆದಾಯದಲ್ಲಿ ಚಾನೆಲ್‌ಗೆ ಶೇ. 55 ಸಿಗುತ್ತದೆ, ಉಳಿದದ್ದು ಯೂಟ್ಯೂಬ್‌ಗೆ. ಜಾಹೀರಾತು ಕಂಡ ಮಾತ್ರಕ್ಕೆ ವೀಡಿಯೊ ಹಾಕಿದವರಿಗೆ ಹಣ ಹೋಯಿತೆಂದು ತಿಳಿಯಬೇಡಿ. ಆದಾಯ ಹಂಚಿಕೆಗೆ ಇನ್ನೂ ಸೇರದ ಸಣ್ಣ ಚಾನೆಲ್‌ಗಳ ವೀಡಿಯೊಗಳಲ್ಲೂ ಯೂಟ್ಯೂಬ್ ತಾನೇ ಜಾಹೀರಾತು ತೋರಿಸಬಹುದು. ಅಲ್ಲಿ ಚಾನೆಲ್‌ನವರ ಪಾಲು ಸೊನ್ನೆ.

ಚಾನೆಲ್‌ನವರು ವೀಡಿಯೊದಲ್ಲಿ ಗುರುತು ಹಾಕುವುದು ಜಾಹೀರಾತಿಗಲ್ಲ, ಅದರ ಜಾಗಕ್ಕೆ. ಆ ಜಾಗದಲ್ಲಿ ಪ್ರತಿಯೊಬ್ಬ ವೀಕ್ಷಕನಿಗೂ ಜಾಹೀರಾತು ಬರುತ್ತದೆ ಎಂದೇನಿಲ್ಲ. ಅಲ್ಲಿಗೆ ತಲುಪುವಷ್ಟು ಹೊತ್ತು ಆತ ವೀಡಿಯೊ ನೋಡುತ್ತಿರಬೇಕು, ಆ ಹೊತ್ತಿಗೆ ತೋರಿಸಲು ಜಾಹೀರಾತೂ ಇರಬೇಕು. ಹಾಗಾಗಿ ಹತ್ತು ಜಾಗ ಎಂದರೆ ಹತ್ತು ಪಟ್ಟು ಹಣವಲ್ಲ.

ಈಗ ಲೆಕ್ಕ. ಅಂಕಿಗಳು ಅರ್ಥವಾಗಲೆಂದು ನಾವು ಊಹಿಸಿಕೊಂಡವು, ಯಾವುದೇ ಚಾನೆಲ್‌ನದ್ದಲ್ಲ. ಮೂರು ಗಂಟೆಯ ಪ್ರಸಂಗವನ್ನು 1,000 ಮಂದಿ ತೆರೆದರು ಎನ್ನಿ. 10ನೇ ನಿಮಿಷದಿಂದ ಹತ್ತು ಹತ್ತು ನಿಮಿಷಕ್ಕೊಂದರಂತೆ 170ನೇ ನಿಮಿಷದವರೆಗೆ 17 ಜಾಗ. ಆರಂಭದಲ್ಲಿ ಹೆಚ್ಚು, ಕೊನೆಗೆ ಕಡಿಮೆ ಮಂದಿ ಇದ್ದರೂ ಸರಾಸರಿ ಪ್ರತಿ ಜಾಗಕ್ಕೆ 200 ಮಂದಿ ತಲುಪಿದರೆ ಜಾಹೀರಾತು ತೋರಿಸಲು ಒಟ್ಟು 3,400 ಅವಕಾಶ.

ಆಸೆಯಿಂದ 2ನೇ ನಿಮಿಷಕ್ಕೆ ಇನ್ನೊಂದು ಜಾಗ ಸೇರಿಸಿದರೆ? ಆಗ ಇನ್ನೂ 700 ಮಂದಿ ನೋಡುತ್ತಿದ್ದಾರೆ ಎಂದುಕೊಳ್ಳೋಣ, ಹೊಸದಾಗಿ 700 ಅವಕಾಶ ಸಿಕ್ಕಿತು. ಆದರೆ ಕಿರಿಕಿರಿಯಾಗಿ ನಾಲ್ಕರಲ್ಲೊಬ್ಬರು ಎದ್ದು ಹೋದರೆ ಮುಂದಿನ 3,400 ಅವಕಾಶಗಳಲ್ಲೂ ಕಾಲು ಭಾಗ, ಅಂದರೆ 850 ಹೋಯಿತು. ಬಂದದ್ದು 700, ಹೋದದ್ದು 850.

ಇದೇ ಲೆಕ್ಕವನ್ನು ಹತ್ತು ನಿಮಿಷದ ಅಡುಗೆ ವೀಡಿಯೊಗೆ ಹಾಕಿದರೆ ಉತ್ತರ ತಿರುಗಿಬೀಳುತ್ತದೆ. ಅಲ್ಲಿ ಎದ್ದು ಹೋದವರಿಂದ ಮುಂದೆ ಕಳೆದುಕೊಳ್ಳಲು ಹೆಚ್ಚು ಜಾಗಗಳೇ ಇಲ್ಲ. ಸಣ್ಣ ವೀಡಿಯೊ ಮಾಡುವವರ ಸಲಹೆಯನ್ನು ಯಕ್ಷಗಾನಕ್ಕೆ ಹಾಗೇ ತಂದರೆ ಕೈ ಸುಡುವುದು ಇದಕ್ಕೇ.

ಒಂದು ಮಾತು ಮರೆಯಬಾರದು. ಎರಡನೇ ನಿಮಿಷಕ್ಕೇ ಹೋಗುವವರಲ್ಲಿ ಹಲವರು ಹೇಗೂ ಐದನೇ ನಿಮಿಷಕ್ಕೆ ಹೋಗುತ್ತಿದ್ದವರು. ಅವರು ಹೋದರೆ ನಷ್ಟ ಅಷ್ಟಿಲ್ಲ. ಕೊನೆಯ ಮಂಗಳದವರೆಗೂ ಕೂರುವ ಯಕ್ಷಗಾನಪ್ರಿಯ ಎದ್ದರೆ ನಷ್ಟ ದೊಡ್ಡದು.

ಹಾಗಾದರೆ ಎಲ್ಲಿ ಇಡಬೇಕು? ಜಾಗಗಳನ್ನು ಯೂಟ್ಯೂಬ್ ತಾನಾಗಿ ಗುರುತಿಸಬಹುದು, ಚಾನೆಲ್‌ನವರು ಕೈಯಾರೆಯೂ ಇಡಬಹುದು. ಮಾತು ನಿಂತ, ದೃಶ್ಯ ಬದಲಾದ ಕಡೆ ಜಾಹೀರಾತು ಹೆಚ್ಚು ಬರುವಂತೆ 2025ರ ಮೇ 12ರಿಂದ ಕ್ರಮ ಬದಲಿಸಿರುವುದಾಗಿ ಯೂಟ್ಯೂಬ್ ಹೇಳಿದೆ. ಸಿನಿಮಾದಲ್ಲಿ ಇಂಥ ಸುಳಿವು ಬೇಕಾದಷ್ಟು ಸಿಗುತ್ತದೆ. ಒಂದೇ ಕ್ಯಾಮೆರಾ ರಂಗಸ್ಥಳವನ್ನೇ ನೋಡುತ್ತಿರುವಾಗ, ಚೆಂಡೆ-ಮದ್ದಳೆ ನಡೆಯುತ್ತಲೇ ಇರುವಾಗ ಯಂತ್ರಕ್ಕೆ ಸಿಗುವ ಸುಳಿವು ಕಡಿಮೆ. ಅರ್ಥ ಹೇಳುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕ್ಷಣವೇ ವಿರಾಮದಂತೆ ಕಂಡೀತು. ಆದರೆ ಆಟ ನೋಡಿ ಬಲ್ಲವರಿಗೆ ಜಾಗ ಗೊತ್ತು: ಪದ ಮುಗಿದು, ಅರ್ಥವೂ ಮುಗಿದು, ವೇಷ ಚೌಕಿಗೆ ಮರಳಿ, ಮುಂದಿನ ಪ್ರವೇಶಕ್ಕೆ ಚೆಂಡೆ ಶುರುವಾಗುವ ಮೊದಲಿನ ಕೆಲವು ಸೆಕೆಂಡು. ಇದು ಸರಿಯಾಗಿ ಹತ್ತು ನಿಮಿಷಕ್ಕೊಮ್ಮೆ ಬರುವುದಿಲ್ಲ. ಒಮ್ಮೆ ಏಳಕ್ಕೆ, ಇನ್ನೊಮ್ಮೆ ಇಪ್ಪತ್ತೈದಕ್ಕೆ ಬಂದೀತು. ಗಡಿಯಾರ ನೋಡಿ ಇಟ್ಟವರು ಪದವನ್ನು ಕತ್ತರಿಸುವುದು ಹೀಗೆ.

ಜಾಗ ತಪ್ಪಿದೆಯೇ ಎಂದು ತಿಳಿಯಲು ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವೀಡಿಯೊಗೂ ಒಂದು ಗೆರೆ ಇರುತ್ತದೆ. ಯಾವ ನಿಮಿಷದಲ್ಲಿ ಶೇಕಡಾ ಎಷ್ಟು ಮಂದಿ ಉಳಿದಿದ್ದಾರೆ ಎಂದು ಅದು ತೋರಿಸುತ್ತದೆ. ನಿಧಾನ ಇಳಿಜಾರು ಸಹಜ. ಜಾಹೀರಾತಿನ ಜಾಗದಲ್ಲೇ ಗೆರೆ ದಿಢೀರ್ ಕುಸಿದರೆ ಅನುಮಾನಿಸಬೇಕು. ಆದರೂ ಆತುರ ಬೇಡ, ಸನ್ನಿವೇಶ ಮುಗಿಯಿತೆಂದೇ ಜನ ಎದ್ದಿರಬಹುದು. ಆ ಒಂದು ಜಾಗವನ್ನು ಮಾತ್ರ ತೆಗೆದು ಕೆಲವು ವಾರ ಕಾಯಿರಿ. ಹೊಸ ವೀಕ್ಷಕರಲ್ಲೂ ಕುಸಿತ ಅಲ್ಲೇ ಉಳಿದರೆ ಜಾಹೀರಾತು ನಿರಪರಾಧಿ. ಕುಸಿತ ಮಾಯವಾದರೆ ಆ ಜಾಗವನ್ನು ಮತ್ತೆ ಅಲ್ಲೇ ಇಡಬೇಡಿ, ಮುಂದಿನ ವೇಷ ಚೌಕಿಗೆ ಮರಳುವ ಹೊತ್ತಿಗೆ ಸರಿಸಿ.