ಒಪ್ಪದ ಮ್ಯಾನೇಜರ್‌ಗೆ ಒಂದು ಚಿಕ್ಕ ಇಮೇಲ್

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಗಿತ್ತು; ಇನ್ನೊಬ್ಬರು ಪರಿಶೀಲಿಸಬೇಕೆಂಬ ನಿಯಮವೂ ಇರಲಿಲ್ಲ. ಈ ಕೆಲಸವನ್ನು ಸ್ಕ್ರಿಪ್ಟ್‌ಗೆ ವಹಿಸೋಣ ಎಂದರೆ ಮ್ಯಾನೇಜರ್ ಅನುಮಾನಿಸುವುದು ಸಹಜ, ಏಕೆಂದರೆ ಕೆಟ್ಟ ಕೋಡನ್ನೂ ಸ್ಕ್ರಿಪ್ಟ್ ಅಷ್ಟೇ ಬೇಗ ಎಲ್ಲೆಡೆ ಹರಡಬಲ್ಲದು. ಇಮೇಲ್ ಆ ಭಯಕ್ಕೇ ಉತ್ತರಿಸಬೇಕು:

“ಸರ್, ಒಂದು ತಿಂಗಳು ರಜೆ ಅರ್ಜಿಯ ಆ್ಯಪ್‌ನಲ್ಲಿ ಮಾತ್ರ ನೋಡೋಣ. ಟೆಸ್ಟ್ ಪಾಸಾಗದ ಕೋಡ್ ಮುಂದೆ ಹೋಗದು. ಕೊನೆಯ ಒಪ್ಪಿಗೆ ನಿಮ್ಮದೇ. ಎಲ್ಲ ಸರ್ವರ್‌ಗಳಲ್ಲೂ ಒಂದೇ ಆವೃತ್ತಿ ಇದೆಯೇ ಎಂದು ಸ್ಕ್ರಿಪ್ಟ್ ನೋಡುತ್ತದೆ. ಇಲ್ಲದಿದ್ದರೆ ಹಳೆಯದಕ್ಕೆ ಮರಳುತ್ತದೆ.”

ಹಾಗೆ ಮರಳುವುದನ್ನು ಒಮ್ಮೆ ಅವರೆದುರೇ ಮಾಡಿ ತೋರಿಸಿ.