ಯಾಕುಟ್ಸ್ಕ್‌ನ ಕಟ್ಟಡಗಳ ಕೆಳಗೆ

ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ 1828ರಲ್ಲಿ ಫ್ಯೋದೊರ್ ಶೆರ್ಗಿನ್ ಎಂಬ ಕಂಪನಿ ಅಧಿಕಾರಿ ಬಾವಿ ತೋಡಿಸಲು ಶುರುಮಾಡಿದ. ಹತ್ತಿರ ಹತ್ತಿರ ಹತ್ತು ವರ್ಷ ಅಗೆಸಿ, 116 ಮೀಟರ್ ಆಳಕ್ಕೆ ಇಳಿದರೂ ನೀರು ಬರಲಿಲ್ಲ. ಅಷ್ಟು ಆಳದಲ್ಲೂ ಮಣ್ಣು ಹೆಪ್ಪುಗಟ್ಟಿಯೇ ಇತ್ತು. ಬಾವಿಯಾಗಿ ಅದು ಉಪಯೋಗಕ್ಕೆ ಬರದಿದ್ದರೂ 1840ರ ದಶಕದಲ್ಲಿ ಮಿಡೆನ್‌ಡಾರ್ಫ್ ಎಂಬ ವಿಜ್ಞಾನಿ ಅದರೊಳಗೆ ಬೇರೆ ಬೇರೆ ಆಳದಲ್ಲಿ ಮಣ್ಣಿನ ಉಷ್ಣತೆ ಅಳೆದ. ಪರ್ಮಾಫ್ರಾಸ್ಟ್‌ನ ಅಧ್ಯಯನಕ್ಕೆ ಒಳ್ಳೆಯ ತಳಹದಿ ಸಿಕ್ಕಿದ್ದು ಹೀಗೆ.

ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗಿ ಕೆಸರಾಗುತ್ತದೆ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಅದರ ಕೆಳಗಿನ ನೆಲ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇದೆ.

ಇಂಥ ನೆಲದ ಮೇಲೆ ಮನೆ ಕಟ್ಟಿದರೆ ಮೊದಲ ಶತ್ರು ಮನೆಯ ಬಿಸಿಯೇ. ಹೊರಗೆ ಮೈನಸ್ 40 ಡಿಗ್ರಿ ಇರುವಾಗ ಒಳಗೆ ಬೆಚ್ಚಗಿಡಬೇಕು. ಆ ಬಿಸಿ ನೆಲಕ್ಕಿಳಿದರೆ ಮಣ್ಣಿನೊಳಗಿನ ಮಂಜುಗಡ್ಡೆ ಕರಗಿ ಮನೆ ಕುಸಿಯುತ್ತದೆ. ಆದ್ದರಿಂದ ಯಾಕುಟ್ಸ್ಕ್‌ನ ದೊಡ್ಡ ಕಟ್ಟಡಗಳೆಲ್ಲ ಕಂಬಗಳ ಮೇಲೆ ನಿಂತಿವೆ. ಆಳವಾಗಿ ಕೊರೆದ ಗುಂಡಿಯಲ್ಲಿ ಕಾಂಕ್ರೀಟ್ ಕಂಬ ಇಳಿಸಿ, ಸುತ್ತ ಹಸಿ ಮಣ್ಣಿನ ರಾಡಿ ತುಂಬುತ್ತಾರೆ. ಸುತ್ತಲಿನ ನೆಲದ ಶೀತಕ್ಕೆ ಅದೂ ಹೆಪ್ಪುಗಟ್ಟಿ ಕಂಬವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಟ್ಟಡದ ತಳಕ್ಕೂ ನೆಲಕ್ಕೂ ನಡುವೆ ಜಾಗ ಬಿಟ್ಟಿರುತ್ತಾರೆ. ಚಳಿಗಾಲದ ಗಾಳಿ ಅಲ್ಲಿ ಹಾದುಹೋಗುತ್ತ ನೆಲವನ್ನು ತಂಪಾಗಿಡುತ್ತದೆ.

ಹೆಪ್ಪು ಕರಗಿದ ಮೇಲಷ್ಟೇ ಅಪಾಯ ಎಂದು ನಮಗೆ ಅನಿಸಬಹುದು, ಆದರೆ ಅದಕ್ಕೂ ಬಹಳ ಮೊದಲೇ ಕೆಡುಕು ಶುರುವಾಗಿರುತ್ತದೆ. ಮೈನಸ್ 5 ಡಿಗ್ರಿಯಲ್ಲಿರುವ ಮಣ್ಣಿಗೂ ಮೈನಸ್ 1 ಡಿಗ್ರಿಯಲ್ಲಿರುವ ಮಣ್ಣಿಗೂ ಹಿಡಿತದಲ್ಲಿ ದೊಡ್ಡ ವ್ಯತ್ಯಾಸವಿದೆ. ಸೊನ್ನೆಗೆ ಹತ್ತಿರವಾದಂತೆ ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದ ನೀರಿನ ತೆಳು ಪದರ ದಪ್ಪವಾಗುತ್ತದೆ, ಕಂಬ ನಿಧಾನಕ್ಕೆ ಜಾರತೊಡಗುತ್ತದೆ. ಎಲ್ಲ ಕಂಬಗಳೂ ಒಂದೇ ಸಮ ಇಳಿಯುವುದಿಲ್ಲ. ಹಾಗಾಗಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲುಗಳು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಕೊಳವೆಬಾವಿಯಲ್ಲಿ ಸಾಲಾಗಿ ಉಷ್ಣಮಾಪಕಗಳನ್ನು ಇಳಿಬಿಟ್ಟು ವರ್ಷವರ್ಷವೂ ಮಣ್ಣಿನ ಉಷ್ಣತೆ ನೋಡಬೇಕು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ಸರಿಯಲ್ಲ. ಕಟ್ಟಡದ ಅಡಿಯಲ್ಲಿ ಸೋರುವ ಬಿಸಿನೀರಿನ ಪೈಪು ಅಥವಾ ಗಾಳಿಯ ದಾರಿ ಮುಚ್ಚಿದ ಹಿಮದ ರಾಶಿ ಕೂಡ ನೆಲವನ್ನು ಹಾಳುಮಾಡುತ್ತದೆ. 2020ರ ಮೇ ತಿಂಗಳಲ್ಲಿ ನೊರಿಲ್ಸ್ಕ್‌ನಲ್ಲಿ ಇಂಧನ ಟ್ಯಾಂಕೊಂದು ಒಡೆದು ಸುಮಾರು 21,000 ಟನ್ ಡೀಸೆಲ್ ಹರಿದುಹೋಯಿತು. ಮೊದಲು ಕೇಳಿಬಂದದ್ದು ಪರ್ಮಾಫ್ರಾಸ್ಟ್ ಕರಗಿತೆಂಬ ಮಾತು. ಸರ್ಕಾರಿ ತನಿಖೆ ವಿನ್ಯಾಸದ ಮತ್ತು ಉಸ್ತುವಾರಿಯ ಲೋಪಗಳನ್ನೂ ಎತ್ತಿ ತೋರಿಸಿತು. ನೆಲ ಬಿಸಿಯಾಗುತ್ತಿರುವಾಗ ಇಂಥ ಅಸಡ್ಡೆಗೆ ತೆರಬೇಕಾದ ಬೆಲೆ ಹೆಚ್ಚು.

ರಸ್ತೆಗಳನ್ನು ಕಂಬದ ಮೇಲೆ ನಿಲ್ಲಿಸಲಾಗದು. ಕಪ್ಪು ಡಾಂಬರು ಬೇಸಿಗೆಯ ಬಿಸಿಲನ್ನು ಹೀರುತ್ತದೆ. ಚಳಿಗಾಲದಲ್ಲಿ ರಸ್ತೆಯಿಂದ ಬದಿಗೆ ತಳ್ಳಿದ ಹಿಮ ಅಲ್ಲಿನ ನೆಲಕ್ಕೆ ಚಳಿ ತಾಗದಂತೆ ತಡೆಯುತ್ತದೆ. ಹೀಗೆ ಅಂಚುಗಳು ಮೊದಲು ಕುಸಿದು ರಸ್ತೆಯುದ್ದಕ್ಕೂ ಬಿರುಕು ಬಿಡುತ್ತದೆ. 2006ರಲ್ಲಿ ಲಾಸಾ ತಲುಪಿದ ಚೀನಾದ ರೈಲುಮಾರ್ಗದ ಹಲವು ಕಡೆ ಏರಿಗೆ ದಪ್ಪ ಜಲ್ಲಿ ಹಾಕಿದ್ದಾರೆ. ಚಳಿಗಾಲದ ತಣ್ಣನೆ ಗಾಳಿ ಭಾರವಾದ್ದರಿಂದ ಕಲ್ಲುಗಳ ಸಂದಿಯಲ್ಲಿ ಕೆಳಗಿಳಿದು ನೆಲದ ಬಿಸಿಯನ್ನು ಹೊರಹಾಕುತ್ತದೆ, ಬೇಸಿಗೆಯ ಹಗುರ ಗಾಳಿ ಕೆಳಗಿಳಿಯುವುದಿಲ್ಲ. ಒಳ್ಳೆಯ ಉಪಾಯ, ಆದರೆ ಸೈಬೀರಿಯಾದ ಪ್ರತಿಯೊಂದು ಹಳ್ಳಿ ರಸ್ತೆಗೆ ಇಷ್ಟು ಖರ್ಚು ಮಾಡುವವರಾರು?

ಯಾಕುಟ್ಸ್ಕ್‌ನ ಪೂರ್ವಕ್ಕಿರುವ ಚುರಾಪ್ಚಾದಲ್ಲಿ ಹಳೆಯ ವಿಮಾನ ನಿಲ್ದಾಣದ ಬಯಲು ಈಗ ದಿಬ್ಬ, ಹಳ್ಳಗಳ ಗದ್ದೆಯಾಗಿದೆ. ಅಲ್ಲಿನ ಮಣ್ಣಿನಲ್ಲಿ ಮಂಜುಗಡ್ಡೆಯ ದಪ್ಪ ಗೋಡೆಗಳು ಬಲೆಯ ಹಾಗೆ ಹಬ್ಬಿವೆ. ಅವು ಕರಗಿದ ಕಡೆ ನೆಲ ತಗ್ಗುತ್ತದೆ, ನಡುವಿನ ಮಣ್ಣು ದಿಬ್ಬವಾಗಿ ಉಳಿಯುತ್ತದೆ. ತಗ್ಗಿನಲ್ಲಿ ನಿಂತ ನೀರು ಬಿಸಿಲಿಗೆ ಕಾದು ಇನ್ನಷ್ಟು ಆಳಕ್ಕೆ ಕರಗಿಸುತ್ತದೆ. ಕೊನೆಗೆ ಅಲ್ಲಿ ಕೆರೆಯೇ ಆಗುತ್ತದೆ.

ಇಂಥ ಕೆರೆಗಳ ತಳದಿಂದಲೇ ಅನಿಲದ ಗುಳ್ಳೆಗಳು ಏಳುತ್ತವೆ. ಹಿಮಯುಗದ ಹುಲ್ಲು, ಬೇರು, ಪ್ರಾಣಿಗಳ ಅವಶೇಷ ಆ ಮಣ್ಣಿನಲ್ಲಿ ಕೊಳೆಯದೆ ಉಳಿದಿವೆ. ಮಣ್ಣು ಕರಗಿತೆಂದರೆ ಸೂಕ್ಷ್ಮಜೀವಿಗಳು ಅವನ್ನು ತಿನ್ನತೊಡಗುತ್ತವೆ. ಗಾಳಿಯಾಡುವ ಒಣ ನೆಲದಲ್ಲಿ ಹೊರಬರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ನೀರು ನಿಂತ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ಗೋಬರ್ ಗ್ಯಾಸ್ ಗುಂಡಿಯೊಳಗೆ ನಡೆಯುವುದೂ ಇದೇ ಕ್ರಿಯೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲವಿದೆ. ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು. ಇದು ಒಂದೇ ದಿನ ಸಿಡಿಯುವ ಬಾಂಬಲ್ಲ, ದಶಕಗಳ ಕಾಲ ಸೋರುತ್ತಲೇ ಇರುವಂಥದ್ದು. ದೇಶಗಳು ವಿಶ್ವಸಂಸ್ಥೆಗೆ ಒಪ್ಪಿಸುವ ಅನಿಲ ಲೆಕ್ಕದಲ್ಲಿ ಮನುಷ್ಯರು ನಿರ್ವಹಿಸದ ನೆಲದಿಂದ ಹೊಮ್ಮುವುದನ್ನು ಸೇರಿಸುವುದಿಲ್ಲ. ಹಾಗಾಗಿ ಎಲ್ಲ ದೇಶಗಳೂ ಕೊಟ್ಟ ಮಾತು ಉಳಿಸಿಕೊಂಡರೂ ಸೈಬೀರಿಯಾದ ಕೆರೆಗಳ ಮೀಥೇನ್ ಆ ಲೆಕ್ಕದ ಹೊರಗೇ ಉಳಿದು ಭೂಮಿಯನ್ನು ಬಿಸಿ ಮಾಡುತ್ತಿರುತ್ತದೆ.