ಹದಿನಾರು ಲೇಖಕರು, ಹತ್ತೇ ಹೆಸರು

ಪೈಥಾನ್ ಬಳಸಿ ದತ್ತಾಂಶ ವಿಶ್ಲೇಷಿಸುವವರಿಗೆಲ್ಲ ಸೈಕಿಟ್-ಲರ್ನ್ ಗೊತ್ತು. ಅದನ್ನು ಪರಿಚಯಿಸಿದ 2011ರ ಪ್ರಬಂಧಕ್ಕೆ 16 ಲೇಖಕರು. ಆದರೆ ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಹುಡುಕಿ, Cite ಒತ್ತಿ, BibTeX ರೂಪದಲ್ಲಿ ಇಳಿಸಿಕೊಂಡರೆ ಸಿಗುವುದು ಹತ್ತು ಹೆಸರು. ಉಳಿದ ಆರು ಮಂದಿಯ ಜಾಗದಲ್ಲಿ and others ಎಂಬ ಎರಡು ಪದ ಕೂತಿರುತ್ತವೆ. ಅಚ್ಚಿನಲ್ಲಿ ಅದು ‘ಮತ್ತಿತರರು’ ಆಗುತ್ತದೆ. ಪತ್ರಿಕೆಯ ಶೈಲಿಯೇ ಹಾಗಿರಬೇಕು ಎಂದುಕೊಂಡು ಓದುಗರು ಮುಂದೆ ಹೋಗುತ್ತಾರೆ.

ಸ್ಕಾಲರ್‌ನ ಮಾಹಿತಿಯನ್ನು ಗ್ರಂಥಪಾಲಕರು ಕೂತು ತುಂಬಿದ್ದಲ್ಲ. ಜಾಲತಾಣಗಳನ್ನೂ ಪಿಡಿಎಫ್‌ಗಳನ್ನೂ ಓದಿ ಯಂತ್ರವೇ ಹೆಕ್ಕಿದ್ದು. ಒಂದೇ ಪ್ರಬಂಧದ ಹಲವು ರೂಪಗಳನ್ನು ಅದು ಒಟ್ಟುಗೂಡಿಸಿ ಒಂದೇ ನಮೂದಾಗಿ ತೋರಿಸುತ್ತದೆ. ಇಸವಿ ತಪ್ಪುವುದು ಇಲ್ಲೇ. ಕಿಂಗ್ಮ ಮತ್ತು ಬಾ ಬರೆದ ‘ಆಡಮ್’ ಪ್ರಬಂಧ 2014ರ ಡಿಸೆಂಬರ್‌ನಲ್ಲಿ ಆರ್ಕೈವ್ ತಾಣಕ್ಕೆ ಬಂತು. 2015ರಲ್ಲಿ ಐಸಿಎಲ್ಆರ್ ಸಮ್ಮೇಳನದಲ್ಲಿ ಮಂಡನೆಯಾಯಿತು. ಬಹುಕಾಲದಿಂದ ನಕಲಾಗುತ್ತಿರುವ ನಮೂದಿನಲ್ಲಿ ಇರುವುದು ಆರ್ಕೈವ್ ಸಂಖ್ಯೆ ಮತ್ತು 2014 ಮಾತ್ರ. ಸಮ್ಮೇಳನದ ಸುಳಿವೇ ಇಲ್ಲ. ಸಮ್ಮೇಳನದ ರೂಪವನ್ನು ಉಲ್ಲೇಖಿಸುವವರು ಇಸವಿಯನ್ನೂ ಪ್ರಕಟಣೆಯ ಹೆಸರನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನು ಮಾತ್ರ ತಿದ್ದಿದರೆ ಎಲ್ಲೂ ಇಲ್ಲದ ಮೂರನೆಯ ರೂಪವೊಂದು ಹುಟ್ಟುತ್ತದೆ.

ಸಂಪುಟ ಬಿಟ್ಟುಹೋದದ್ದು ಇನ್ನೂ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಇಸವಿ ಇಲ್ಲದಿದ್ದರೆ BibTeX ತಂತ್ರಾಂಶ ಎಚ್ಚರಿಸುತ್ತದೆ. ಆದರೆ ಅದರ plain ಶೈಲಿಯಲ್ಲಿ ಪತ್ರಿಕಾ ಲೇಖನಕ್ಕೆ ಸಂಪುಟ ಐಚ್ಛಿಕ. ಸಂಪುಟ, ಸಂಚಿಕೆ ಎರಡೂ ಇಲ್ಲದಿದ್ದರೂ ಅದು ಸುಮ್ಮನಿರುತ್ತದೆ. ಸರ್ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಟಿಪ್ಪಣಿ 121ನೇ ಸಂಪುಟದ 501ನೇ ಪುಟದಲ್ಲಿದೆ. 121 ಬಿದ್ದುಹೋದರೆ ಉಳಿಯುವುದು ಇಸವಿ ಮತ್ತು ಪುಟ. ಒಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಂಪುಟ ತರುತ್ತಿದ್ದ ವಾರಪತ್ರಿಕೆಯಲ್ಲಿ 501ನೇ ಪುಟವೂ ಒಂದಕ್ಕಿಂತ ಹೆಚ್ಚು.

ಪರೀಕ್ಷೆಗೆ ಎರಡು ಹೆಜ್ಜೆ ಸಾಕು. ಮೊದಲು ಕತ್ತರಿಸಿದ ಹೆಸರುಗಳನ್ನು ಕಡತದಲ್ಲಿ ಹುಡುಕುವುದು:

```
grep -n "and others" refs.bib
```

ಆಮೇಲೆ ಡಿಒಐ ಇರುವ ಪ್ರಬಂಧಗಳಿಗೆ ಪ್ರಕಾಶಕರು ನೋಂದಾಯಿಸಿದ ವಿವರವನ್ನೇ ತರಿಸಿಕೊಂಡು, ಇಸವಿ, ಸಂಪುಟ, ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು:

```
curl -LH "Accept: application/x-bibtex" \
  https://doi.org/10.1038/121501c0
```

ನೋಂದಣಿಯಲ್ಲೂ ತಪ್ಪು ನುಸುಳುವುದುಂಟು. ಎರಡೂ ತಾಳೆಯಾಗದಿದ್ದಾಗ ಪ್ರಬಂಧದ ಮೊದಲ ಪುಟವನ್ನೇ ತೆರೆದು ನೋಡಬೇಕು. ಸೈಕಿಟ್-ಲರ್ನ್ ಪ್ರಬಂಧಕ್ಕಾದರೆ ಪತ್ರಿಕೆಯದೇ ತಾಣವಾದ jmlr.org ಇದೆ: 12ನೇ ಸಂಪುಟ, 2825ರಿಂದ 2830ರವರೆಗಿನ ಪುಟಗಳು, ಪೆಡ್ರೆಗೋಸಾರಿಂದ ಡ್ಯೂಷೆನೇವರೆಗೆ ಹದಿನಾರೂ ಹೆಸರುಗಳು ಅಲ್ಲಿವೆ.